ಒಂದು ಲಕ್ಷದ ಊರು, ಹತ್ತು ಲಕ್ಷದ ಬೆಳಗಿನ ಜಾವ

ಪುಣೆಯಲ್ಲಿ ಇರೋರಿಗೆ ಒಂದು ಮೇಲ್ ಚೆನ್ನಾಗಿ ಗೊತ್ತಿರುತ್ತೆ. ಪ್ರತಿ ವರ್ಷ ಜೂನ್ ಇಲ್ಲಾ ಜುಲೈ ಹೊತ್ತಿಗೆ ಆಫೀಸಿನ ಅಡ್ಮಿನ್ ಕಡೆಯಿಂದ ಬರುತ್ತೆ: "ಪಾಲಖಿ ಇರುವುದರಿಂದ ಈ ಈ ರಸ್ತೆಗಳು ಬಂದ್, ಮನೆಯಿಂದಲೇ ಕೆಲಸ ಮಾಡಿ." ಆಳಂದಿಯಿಂದ ಜ್ಞಾನೇಶ್ವರರ ಪಾಲಖಿ, ದೇಹೂವಿನಿಂದ ತುಕಾರಾಮರ ಪಾಲಖಿ, ಎರಡೂ ಪುಣೆಯಲ್ಲಿ ಎರಡು ರಾತ್ರಿ ತಂಗಿ ಮುಂದೆ ಹೋಗ್ತವೆ. ನಮಗೆ ಅದು ಎರಡು ದಿನದ ಟ್ರಾಫಿಕ್ ಸಮಸ್ಯೆ. ಬಾಲ್ಕನಿಯಿಂದ ಒಂದು ಫೋಟೊ, ಸ್ಟೇಟಸ್‌ಗೆ ಹಾಕಿದರೆ ಮುಗೀತು.

ನಾನೂ ಹಾಗೇ ಇದ್ದವನು. ನನ್ನ ಕೆಲಸ ಸರ್ವರ್‌ಗಳ ಕೆಪ್ಯಾಸಿಟಿ ಪ್ಲಾನಿಂಗ್. ಸೇಲ್ ದಿನ ಎಷ್ಟು ಜನ ಬರ್ತಾರೆ, ಎಷ್ಟು ಮಷೀನ್ ಬೇಕು ಅಂತ ಲೆಕ್ಕ ಹಾಕೋದು. ಆ ಲೆಕ್ಕಾನೇ ಊರಿಗೂ ಹಾಕಬೇಕಾಗುತ್ತೆ ಅಂತ ಹೊಳೆದದ್ದು ನಮ್ಮ ಸೋದರತ್ತೆ ತಲೆತಿರುಗಿ ಬಿದ್ದ ಮೇಲೆ.

ನಮ್ಮ ಮೂಲ ಇಂಡಿ ತಾಲೂಕು, ವಿಜಯಪುರ ಜಿಲ್ಲೆ. ನಮ್ಮ ಕಡೆಯಿಂದ ಪಂಢರಪುರಕ್ಕೆ ದಿಂಡಿ ಹೋಗೋದು ಹೊಸದೇನಲ್ಲ. ಅತ್ತಿ ಆಷಾಢದ ದಿಂಡಿಯಲ್ಲಿ ವರ್ಷಾ ವರ್ಷ ನಡೆದು ಹೋಗ್ತಾಳೆ. ಆ ವರ್ಷ ನಾನು ಪುಣೆಯಿಂದ ಹೋಗಿ, ಪಂಢರಪುರಕ್ಕೆ ಒಂದು ದಿನದ ಹಾದಿ ಉಳಿದಿರುವಾಗ ಒಂದು ತಂಗುವ ಊರಲ್ಲಿ ಅವರನ್ನು ಸೇರಿಕೊಂಡೆ. ಮಧ್ಯಾಹ್ನ ನಡೀತಾ ಇದ್ದಾಗ ಅತ್ತಿ ಹಾಗೇ ಕುಸಿದು ಕೂತಳು. ಬಿಸಿಲು ಅಂತ ಏನೂ ಇರಲಿಲ್ಲ, ಮೋಡ ಇತ್ತು. ವೈದ್ಯಕೀಯ ಟೆಂಟಿನಲ್ಲಿ ಇದ್ದ ಡಾಕ್ಟರಮ್ಮ ಚರ್ಮ ಎಳೆದು ನೋಡಿ, ನಾಲಿಗೆ ನೋಡಿ, "ಬೆಳಗಿನಿಂದ ಎಷ್ಟು ನೀರು ಕುಡಿದ್ರಿ?" ಅಂತ ಕೇಳಿದರು. ಅತ್ತಿ ನನ್ನ ಕಡೆ ತಿರುಗಿ ಮೆಲ್ಲಗೆ ಅಂದಳು: "ನೀರು ಕುಡದ್ರ ಮತ್ತ ಹೋಗಬೇಕಾಗ್ತೈತಿ ತಮ್ಮಾ. ಅಲ್ಲಿ ಪಾಳಿ ನೋಡೀಯಿಲ್ಲೋ? ನಾವು ಹೆಣ್ಮಕ್ಕಳು ಎಲ್ಲಿ ಹೋಗೂಣು?"

ಟ್ಯಾಂಕರ್ ಅಲ್ಲೇ ಇತ್ತು. ನೀರಿನ ಕೊರತೆ ಇರಲಿಲ್ಲ. ಅವಳು ಕುಡಿಯಲಿಲ್ಲ, ಅಷ್ಟೇ. ಅವತ್ತಿನ ನೀರಿನ ಲೆಕ್ಕ ತೆಗೆದರೆ "ಬಳಕೆ ಕಮ್ಮಿ, ನೀರು ಉಳಿದಿದೆ" ಅಂತಲೇ ಬರುತ್ತೆ. ಈ ಮಾತಿಗೆ ಆಮೇಲೆ ಬರ್ತೀನಿ. ಮೊದಲು ಊರಿನ ಜನಸಂಖ್ಯೆ ಅಂದ್ರೆ ಏನು ಅನ್ನೋದನ್ನು ನೋಡೋಣ, ತೊಡಕು ಶುರುವಾಗೋದೇ ಅಲ್ಲಿಂದ.

2011ರ ಜನಗಣತಿ ಪ್ರಕಾರ ಪಂಢರಪುರ ನಗರದ ಜನಸಂಖ್ಯೆ 98,923. ಒಂದು ಲಕ್ಷ ಅಂತಿಟ್ಟುಕೊಳ್ಳಿ. ಆಷಾಢ ಏಕಾದಶಿಗೆ ಬರೋ ಜನ ಹತ್ತು ಲಕ್ಷಕ್ಕೂ ಮೇಲೆ ಅಂತ ಪ್ರತಿ ವರ್ಷ ಸುದ್ದಿಯಲ್ಲಿ ಬರುತ್ತೆ. ವರ್ಷದಲ್ಲಿ ನಾಲ್ಕು ವಾರಿ: ಆಷಾಢ, ಕಾರ್ತಿಕ, ಮಾಘ, ಚೈತ್ರ. ಆಷಾಢದ್ದು ಎಲ್ಲಕ್ಕಿಂತ ದೊಡ್ಡದು.

ಈಗ ಒಂದು ತಮಾಷೆ ನೋಡಿ. 2011ರಲ್ಲಿ ಜನರನ್ನು ಎಣಿಸಿದ್ದು ಫೆಬ್ರುವರಿ 9ರಿಂದ 28ರವರೆಗೆ. ಆ ವರ್ಷದ ಮಾಘ ಶುದ್ಧ ಏಕಾದಶಿ ಬಂದದ್ದು ಫೆಬ್ರುವರಿ ಮಧ್ಯದಲ್ಲಿ. ಅಂದ್ರೆ ಎಣಿಕೆಯವರು ಪಂಢರಪುರದಲ್ಲಿ ಮನೆ ಮನೆ ತಿರುಗುತ್ತಿದ್ದ ಅದೇ ಇಪ್ಪತ್ತು ದಿನದ ಒಳಗೇ ಮಾಘ ವಾರಿ ಬಂದು ಹೋಯಿತು. ಊರು ತುಂಬ ವಾರಕರಿಗಳು, ಆದರೆ ಲೆಕ್ಕದಲ್ಲಿ ಅವರಿಲ್ಲ. ಇದು ಎಣಿಕೆಯವರ ತಪ್ಪಲ್ಲ, ನಿಯಮವೇ ಹಾಗಿದೆ. ಎಣಿಕೆಯ ಅವಧಿಯಲ್ಲಿ ನೀವು ಯಾವಾಗಲಾದರೂ ನಿಮ್ಮ ಮಾಮೂಲಿ ಮನೆಯಲ್ಲಿ ಇದ್ದರೆ ನಿಮ್ಮನ್ನು ಆ ಮನೆಯಲ್ಲೇ ಎಣಿಸ್ತಾರೆ. ಇಡೀ ಅವಧಿ ಮನೆಯಿಂದ ಹೊರಗಿದ್ದರೆ ಮಾತ್ರ ಸಿಕ್ಕಲ್ಲಿ ಎಣಿಸ್ತಾರೆ. ನಾಲ್ಕು ದಿನ ಪಂಢರಪುರಕ್ಕೆ ಬಂದು ಹೋದ ನಮ್ಮೂರಿನವನು ಇಂಡಿ ತಾಲೂಕಿನವನಾಗಿಯೇ ಉಳೀತಾನೆ.

ನಿಯಮದ ಉದ್ದೇಶ ಒಳ್ಳೆಯದೇ. ಒಬ್ಬನನ್ನು ಎರಡು ಸಲ ಎಣಿಸಬಾರದು, ಯಾರನ್ನೂ ಬಿಡಬಾರದು. ಇಡೀ ದೇಶದ ಜನರ ಮೊತ್ತ ಬೇಕು ಅಂದ್ರೆ ಇದೇ ಸರಿಯಾದ ದಾರಿ. ಹಿಂದೆ ಬ್ರಿಟಿಷರ ಕಾಲದಲ್ಲಿ ಒಂದೇ ರಾತ್ರಿ ಎಲ್ಲರನ್ನೂ ಇದ್ದಲ್ಲೇ ಎಣಿಸೋ ಪದ್ಧತಿ ಇತ್ತು. ಆಗ ದೊಡ್ಡ ಜಾತ್ರೆ, ಮದುವೆ ಮುಹೂರ್ತ ಇಲ್ಲದ ರಾತ್ರಿಯನ್ನೇ ಹುಡುಕಿ ಆರಿಸೋರು, ಜಾತ್ರೆ ಊರುಗಳ ಲೆಕ್ಕ ಕೆಡಬಾರದು ಅಂತ. ಹೇಗೆ ಎಣಿಸಿದರೂ ಜಾತ್ರೆಯನ್ನು ಹೊರಗಿಡೋದೇ ಎಣಿಕೆಯ ಸ್ವಭಾವ. ಮುಂದಿನ ಜನಗಣತಿ 2027ರ ಫೆಬ್ರುವರಿಯಲ್ಲಿ. ಆಗಲೂ ಮಾಘ ಏಕಾದಶಿ ಫೆಬ್ರುವರಿ ಮಧ್ಯದಲ್ಲೇ ಬೀಳುತ್ತೆ. ಕಥೆ ಮತ್ತೆ ಅದೇ.

ಸಮಸ್ಯೆ ಬರೋದು, ಈ ಸಂಖ್ಯೆಯನ್ನು ಅದು ಹುಟ್ಟದ ಕೆಲಸಕ್ಕೆ ಬಳಸಿದಾಗ. ನೀರಿನ ಯೋಜನೆ, ಒಳಚರಂಡಿ, ಪೌರಕಾರ್ಮಿಕರ ಹುದ್ದೆ, ಆಸ್ಪತ್ರೆ ಹಾಸಿಗೆ, ಎಲ್ಲಕ್ಕೂ ಮೊದಲ ಕಾಲಂ ಜನಸಂಖ್ಯೆ. 15ನೇ ಹಣಕಾಸು ಆಯೋಗ ಸ್ಥಳೀಯ ಸಂಸ್ಥೆಗಳ ಅನುದಾನವನ್ನು ರಾಜ್ಯಗಳ ನಡುವೆ ಹಂಚಿದ್ದು 90 ಪಾಲು ಜನಸಂಖ್ಯೆ, 10 ಪಾಲು ವಿಸ್ತೀರ್ಣದ ತೂಕದಲ್ಲಿ. ಯಾತ್ರೆಗೆ ಅಂತ ರಾಜ್ಯ ಸರ್ಕಾರ ಬೇರೆ ಅನುದಾನ ಕೊಡುತ್ತೆ, ಅದು ನಿಜ. ಆದರೆ ಅದು ಮೇಲಿಂದ ಸುರಿಯೋ ದುಡ್ಡು. ಪೈಪಿನ ಅಳತೆ, ಸಿಬ್ಬಂದಿಯ ಸಂಖ್ಯೆ ಮೊದಲೇ ಒಂದು ಲಕ್ಷದ ಲೆಕ್ಕದಲ್ಲಿ ಕೂತಿರುತ್ತೆ.

ಸರಿ, ಹಾಗಾದರೆ ಒಂದು ಲಕ್ಷದ ಬದಲು ಹತ್ತು ಲಕ್ಷ ಅಂತ ಬರೆದುಬಿಟ್ಟರೆ ಆಯ್ತಲ್ಲ? ಇಲ್ಲ. ಆ ಹತ್ತು ಲಕ್ಷವೂ ಹಾಗೇ ಬಳಸೋಕೆ ಬರೋ ಸಂಖ್ಯೆ ಅಲ್ಲ.

ಹತ್ತು ಲಕ್ಷ ಅಂತ ಯಾರು ಎಣಿಸಿದರು? ಎಸ್‌ಟಿ ಬಸ್ಸಿನ ಟ್ರಿಪ್‌ಗಳು, ವಿಶೇಷ ರೈಲುಗಳು, ಪಾರ್ಕಿಂಗ್‌ನಲ್ಲಿ ನಿಂತ ಗಾಡಿಗಳು, ದರ್ಶನದ ಸಾಲು, ಮೇಲಿಂದ ತೆಗೆದ ಫೋಟೊದಲ್ಲಿ ಜಾಗದ ಅಳತೆ ಗುಣಿಸು ಸಾಂದ್ರತೆ. ಇವೆಲ್ಲ ಬೇರೆ ಬೇರೆ ವಸ್ತುವನ್ನು ಅಳೀತವೆ. ಬಸ್ಸಿನ ಲೆಕ್ಕ ಎಷ್ಟು ಜನ ಬಂದರು ಅಂತ ಹೇಳುತ್ತೆ. ಫೋಟೊ ಆ ಕ್ಷಣ ಎಷ್ಟು ಜನ ಇದ್ದರು ಅಂತ ಹೇಳುತ್ತೆ. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ ಒಂದು ದಿನದ ಒಟ್ಟು ಸೆಷನ್, ಇನ್ನೊಂದು ಆ ಕ್ಷಣದ ಕನ್ಕರೆಂಟ್ ಯೂಸರ್.

ಎರಡನ್ನೂ ಜೋಡಿಸೋ ಸೂತ್ರ ನಿಮಗೆಲ್ಲ ಗೊತ್ತು, ಲಿಟಲ್ಸ್ ಲಾ: L = λW. ಇರುವ ಜನ ಅಂದ್ರೆ ಬರುವ ವೇಗ ಗುಣಿಸು ತಂಗುವ ಸಮಯ. ದಿನಕ್ಕೆ 3 ಲಕ್ಷದಂತೆ 5 ದಿನ ಜನ ಬಂದರು ಅಂತಿಟ್ಟುಕೊಳ್ಳಿ. ಒಬ್ಬೊಬ್ಬರು ಒಂದು ದಿನ ಇದ್ದು ಹೋದರೆ ಊರಲ್ಲಿ ಯಾವ ಕ್ಷಣವೂ 3 ಲಕ್ಷ. ಎರಡೆರಡು ದಿನ ಇದ್ದರೆ 6 ಲಕ್ಷ. ಎರಡೂ ಸಲ ಪೇಪರಿನಲ್ಲಿ ಬರೋದು "15 ಲಕ್ಷ ಭಕ್ತರು" ಅಂತಲೇ. ಶೀರ್ಷಿಕೆ ಒಂದೇ, ಊರಿನ ಮೇಲಿನ ಭಾರ ಮಾತ್ರ ದುಪ್ಪಟ್ಟು.

ಮೊಬೈಲ್ ಟವರ್ ಡೇಟಾ ಇದೆಯಲ್ಲ ಅಂತ ಪ್ರತಿ ಸಲ ಯಾರಾದರೂ ಕೇಳ್ತೀರಿ. ಅತ್ತಿಯ ದಿಂಡಿಯಲ್ಲಿ ಬಹುತೇಕ ಎಲ್ಲರೂ ಅರವತ್ತು ದಾಟಿದವರು. ಫೋನ್ ಇದ್ದದ್ದು ಕೆಲವರ ಹತ್ತಿರ, ಅದನ್ನೂ ಚಾರ್ಜ್ ಉಳಿಯಲಿ ಅಂತ ಆಫ್ ಮಾಡಿ ಗಂಟಿನಲ್ಲಿ ಕಟ್ಟಿಟ್ಟಿದ್ದರು. ಸಂಜೆ ಒಂದು ಸಲ ಆನ್ ಮಾಡಿ ಮನೆಗೆ ಮಾತಾಡೋದು. ಅದೇ ಕಾರಲ್ಲಿ ಬಂದ ನಾನು ಎರಡು ಸಿಮ್, ಒಂದು ಟ್ಯಾಬ್. ಟವರ್ ಲೆಕ್ಕದಲ್ಲಿ ನಾನೊಬ್ಬನೇ ಮೂರು ಜನ, ಅತ್ತಿ ಮತ್ತು ಅವಳ ಜೊತೆಗಾರರು ಹೆಚ್ಚುಕಮ್ಮಿ ಸೊನ್ನೆ. ಆ ಡೇಟಾ ಕೆಲಸಕ್ಕೆ ಬಾರದ್ದು ಅಂತಲ್ಲ. ಜನ ಯಾವ ಗಂಟೆಗೆ ಯಾವ ಕಡೆ ಸರೀತಾರೆ ಅನ್ನೋದಕ್ಕೆ ಬಹಳ ಒಳ್ಳೇದು. ಒಟ್ಟು ಎಷ್ಟು ಅನ್ನೋದಕ್ಕೆ ನಂಬಬೇಡಿ. ಬಿಟ್ಟುಹೋಗೋರು ಯಾರು ಅಂತ ನೋಡಿದರೆ, ಸೌಕರ್ಯ ಹೆಚ್ಚು ಬೇಕಾದವರೇ ಬಿಟ್ಟುಹೋಗ್ತಾರೆ.

ಈಗ ಒಂದು ಲೆಕ್ಕ ಮಾಡೋಣ. ಇದು ನನ್ನ ಊಹೆಯ ಹಂಚಿಕೆ, ಅಧಿಕೃತ ಅಂಕಿ ಅಲ್ಲ, ಗಣಿತ ಹೇಗೆ ನಡೆಯುತ್ತೆ ತೋರಿಸೋಕೆ ಅಷ್ಟೇ. ಏಕಾದಶಿ ದಿನ ಊರಲ್ಲಿ 10 ಲಕ್ಷ ಯಾತ್ರಿಕರು. ಅದರಲ್ಲಿ 2 ಲಕ್ಷ ಮಠ, ಧರ್ಮಶಾಲೆ, ಬಾಡಿಗೆ ಕೋಣೆ, ನೆಂಟರ ಮನೆಯಲ್ಲಿ. ಉಳಿದ 8 ಲಕ್ಷ ಬಯಲಲ್ಲಿ, ಟೆಂಟಿನಲ್ಲಿ, ರಸ್ತೆ ಬದಿ, ನದಿಯಾಚೆಯ "65 ಎಕರೆ" ಅಂತ ಕರೆಯೋ ತಂಗುದಾಣದಲ್ಲಿ.

ಮೊದಲು ನೀರು. ಒಳಚರಂಡಿ ಇರೋ ಊರಿನ ನಿವಾಸಿಗೆ ದಿನಕ್ಕೆ 135 ಲೀಟರ್ ಅನ್ನೋದು ಕೇಂದ್ರದ ಸಿಪಿಎಚ್‌ಇಇಒ ಕೈಪಿಡಿಯ ಮಾನದಂಡ. ಅದೇ ಕೈಪಿಡಿಯಲ್ಲಿ ಫ್ಲೋಟಿಂಗ್ ಪಾಪ್ಯುಲೇಷನ್, ಅಂದ್ರೆ ಬಂದುಹೋಗುವ ಜನಕ್ಕೆ, ಬೇರೆ ಸಾಲು ಇದೆ: ಸ್ನಾನದ ವ್ಯವಸ್ಥೆ ಇರೋ ಕಡೆ 45 ಲೀಟರ್, ಇಲ್ಲದ ಕಡೆ 25, ಸಾರ್ವಜನಿಕ ಸೌಲಭ್ಯ ಮಾತ್ರ ಬಳಸೋರಿಗೆ 15. ಹಾಗಾದರೆ ಊರಿನ 1 ಲಕ್ಷ ಜನಕ್ಕೆ 1.35 ಕೋಟಿ ಲೀಟರ್. ಒಳಗೆ ತಂಗಿದ 2 ಲಕ್ಷಕ್ಕೆ 90 ಲಕ್ಷ ಲೀಟರ್. ಬಯಲಲ್ಲಿರೋ 8 ಲಕ್ಷಕ್ಕೆ 1.2 ಕೋಟಿ. ಒಟ್ಟು 3.45 ಕೋಟಿ ಲೀಟರ್.

ಜನ ಹನ್ನೊಂದು ಪಟ್ಟು ಆದರು, ನೀರು ಎರಡೂವರೆ ಪಟ್ಟು ಆಯ್ತು. ಕೇಳೋಕೆ ಅಷ್ಟೇನೂ ಭಯಂಕರ ಅನ್ನಿಸಲ್ಲ, ಅಲ್ವಾ? ಇಲ್ಲೇ ಮೋಸ ಹೋಗೋದು. ಒಂದು, ಸ್ನಾನದ ಭಾರ ನಲ್ಲಿಯಿಂದ ನದಿಗೆ ಹೋಗಿದೆ, ಮಾಯ ಆಗಿಲ್ಲ. ಚಂದ್ರಭಾಗಾದಲ್ಲಿ ಮುಳುಗೋದು ವಾರಿಯ ಭಾಗ. ಮಳೆ ಕೈಕೊಟ್ಟ ವರ್ಷ ಆ ಸ್ನಾನಕ್ಕೇ ಮೇಲಿನ ಉಜನಿ ಅಣೆಕಟ್ಟಿನಿಂದ ಭೀಮೆಗೆ ನೀರು ಬಿಡ್ತಾರೆ. ಆ ನೀರು ಊರಿನ ನೀರಿನ ಪುಸ್ತಕದಲ್ಲಿ ಬರಲ್ಲ. ಎರಡನೇದು, ಈ 3.45 ಕೋಟಿ ಇಪ್ಪತ್ತನಾಲ್ಕು ಗಂಟೆಗೆ ಹರಡಿಕೊಳ್ಳಲ್ಲ. ಬೆಳಗಿನ ಜಾವ ಮೂರಕ್ಕೆ ಶುರುವಾಗಿ ಏಳರೊಳಗೆ ದೊಡ್ಡ ಪಾಲು ಹೋಗಬೇಕು. ಟ್ಯಾಂಕ್ ತುಂಬಿದ್ದರೂ ಪೈಪಿನ ದಪ್ಪ ಅಷ್ಟೇ ಇದೆ. ಸಾಲಿನ ಕೊನೆಯ ನಲ್ಲಿಗಳಲ್ಲಿ ಒತ್ತಡ ಬಿದ್ದುಹೋಗುತ್ತೆ.

ಒತ್ತಡ ಬಿದ್ದರೆ ನೀರು ಸಣ್ಣಗೆ ಬರುತ್ತೆ ಅಷ್ಟೇ ಅಂತ ನಾನೂ ಅಂದುಕೊಂಡಿದ್ದೆ. ನಿಜವಾದ ಅಪಾಯ ಬೇರೆ. ತುಂಬಿದ ಪೈಪಿನಲ್ಲಿ ಒತ್ತಡ ಇರುವಾಗ ಬಿರುಕು ಇದ್ದರೆ ನೀರು ಹೊರಗೆ ಸೋರುತ್ತೆ. ಒತ್ತಡ ಹೋದಾಗ ಹೊರಗಿನ ಕೊಳೆ ಅದೇ ಬಿರುಕಿನಿಂದ ಒಳಗೆ ಬರುತ್ತೆ. ಜನ ಹೆಚ್ಚಾದ ಅದೇ ಹೊತ್ತಿನಲ್ಲಿ ಪೈಪಿನ ಸುತ್ತ ಮಣ್ಣಿನಲ್ಲಿ ಮಲಮೂತ್ರವೂ ಹೆಚ್ಚಿರುತ್ತೆ. ಅದಕ್ಕೇ ಆರೋಗ್ಯ ಸಿಬ್ಬಂದಿ ಒಂದು ಸಣ್ಣ ಡಬ್ಬಿ ಹಿಡಿದು ಓಡಾಡ್ತಾರೆ. ನಲ್ಲಿ ನೀರಿಗೆ ಓಟಿ ದ್ರಾವಣದ ಹನಿ ಹಾಕ್ತಾರೆ, ಹಳದಿ ಬಣ್ಣ ಬಂದರೆ ಕ್ಲೋರಿನ್ ಉಳಿದಿದೆ ಅಂತ. ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು. ಬಣ್ಣ ಬರದಿದ್ದರೆ ಎರಡರಲ್ಲಿ ಒಂದು: ಕ್ಲೋರಿನ್ ಹಾಕಿಲ್ಲ, ಇಲ್ಲಾ ಹಾಕಿದ್ದನ್ನು ಒಳಗೆ ಬಂದ ಕೊಳೆ ತಿಂದುಹಾಕಿದೆ. ಟ್ಯಾಂಕಿನ ಬುಡದಲ್ಲಿ ಹಳದಿ, ಕೊನೆಯ ನಲ್ಲಿಯಲ್ಲಿ ಬಿಳಿ ನೀರು ಅಂದ್ರೆ ಎರಡನೇದರ ಅನುಮಾನ ಗಟ್ಟಿ. ನೀವು ಯಾವ ಜಾತ್ರೆಗೆ ಸ್ವಯಂಸೇವಕರಾಗಿ ಹೋದರೂ ಈ ಕಿಟ್ ಒಂದು ಜೇಬಿನಲ್ಲಿರಲಿ, ದುಬಾರಿ ಏನಲ್ಲ.

ಈಗ ಶೌಚಾಲಯ. ನೀರಿನಲ್ಲಿ ಒಬ್ಬ ಯಾತ್ರಿಕ ನಿವಾಸಿಯ ಮೂರನೇ ಒಂದು ಭಾಗ, ಕೆಲವು ಸಲ ಒಂಬತ್ತನೇ ಒಂದು ಭಾಗ. ಇಲ್ಲಿ ಹಾಗಲ್ಲ. ನಿವಾಸಿಗೆ ಮನೆಯಲ್ಲಿ ಒಂದು ಇದೆ, ಅವನಿಂದ ಸಾರ್ವಜನಿಕ ಶೌಚಾಲಯಕ್ಕೆ ಭಾರ ಸೊನ್ನೆ. ಬಯಲಲ್ಲಿರೋ ಯಾತ್ರಿಕನದು ಪೂರಾ ಒಂದು. ಅಂದ್ರೆ ನಿವಾಸಿ ಸಂಖ್ಯೆಗೂ ಈ ಭಾರಕ್ಕೂ ಸಂಬಂಧವೇ ಇಲ್ಲ.

8 ಲಕ್ಷ ಜನ ಬೆಳಗಿನ ಜಾವ ಮೂರರಿಂದ ಏಳರೊಳಗೆ ಒಂದು ಸಲ ಹೋಗಬೇಕು. ನಾಲ್ಕು ಗಂಟೆ, 240 ನಿಮಿಷ. ಒಬ್ಬರಿಗೆ ಸರಾಸರಿ 5 ನಿಮಿಷ ಅಂದರೆ ಒಂದು ಸೀಟಿಗೆ 48 ಜನ. ಮಧ್ಯೆ ತೊಳೀಬೇಕು, ಬಕೆಟ್ ತುಂಬಬೇಕು, 40 ಅಂತಿಟ್ಟುಕೊಳ್ಳಿ. 8 ಲಕ್ಷ ಭಾಗಿಸು 40, 20,000 ಸೀಟು. ಎಂಟು ಗಂಟೆಗೆ ಹರಡಿದರೆ ಹತ್ತು ಸಾವಿರ ಸಾಕು, ಆದರೆ ಹಗಲಾದ ಮೇಲೆ ಹೆಂಗಸರು ಹೊರಡೋಕೆ ಹಿಂಜರಿತಾರೆ, ಮತ್ತು ಎಲ್ಲರಿಗೂ ಸ್ನಾನ ಮುಗಿಸಿ ಸಾಲಿಗೆ ನಿಲ್ಲೋ ಆತುರ.

ಜನ ಸಾಮಾನ್ಯವಾಗಿ ಈ ಲೆಕ್ಕದಲ್ಲೇ ನಿಂತುಬಿಡ್ತಾರೆ. "ಇಷ್ಟು ಸಾವಿರ ಮೊಬೈಲ್ ಶೌಚಾಲಯ ಇಟ್ಟಿದ್ದೇವೆ" ಅನ್ನೋ ಪ್ರಕಟಣೆ ಬರುತ್ತೆ. ಆದರೆ ಸೀಟಿನ ಕೆಳಗೆ ಒಂದು ಟ್ಯಾಂಕ್ ಇದೆ. ಒಂದು ಸಲದ ಬಳಕೆಗೆ ನೀರು ಸೇರಿ 5 ಲೀಟರ್ ಅಂತ ಹಿಡಿದರೆ 8 ಲಕ್ಷ ಜನಕ್ಕೆ 40 ಲಕ್ಷ ಲೀಟರ್. 5,000 ಲೀಟರಿನ ಸಕ್ಷನ್ ಗಾಡಿಗೆ ಅದು 800 ಟ್ರಿಪ್. ಗಾಡಿ ಹೀರಿಕೊಂಡು ಸಂಸ್ಕರಣಾ ಘಟಕಕ್ಕೆ ಹೋಗಿ ಬರೋಕೆ ಒಂದೂವರೆ ಗಂಟೆ ಆದರೆ, ದಿನಕ್ಕೆ 20 ಗಂಟೆ ಓಡಿಸಿ 13 ಟ್ರಿಪ್, ಸುಮಾರು 62 ಗಾಡಿ ಸಾಕು. ಆದರೆ ಏಕಾದಶಿ ದಿನ ರಸ್ತೆಯಲ್ಲಿ ಜನ ಬಿಟ್ಟರೆ ಬೇರೇನೂ ಚಲಿಸಲ್ಲ. ಅದೇ ಟ್ರಿಪ್ಪಿಗೆ ನಾಲ್ಕು ಗಂಟೆ ಹಿಡಿದರೆ ಒಂದು ಗಾಡಿಗೆ 5 ಟ್ರಿಪ್, 160 ಗಾಡಿ ಬೇಕು. ಸೀಟು ಒಂದೂ ಹೆಚ್ಚಿಲ್ಲ, ಜನ ಒಬ್ಬರೂ ಹೆಚ್ಚಿಲ್ಲ. ರಸ್ತೆ ಬಂದ್ ಆದದ್ದಕ್ಕೇ ನೂರು ಗಾಡಿ ಹೆಚ್ಚು.

ಇದನ್ನು ಸ್ಥಳದಲ್ಲಿ ಗುರುತಿಸೋದು ಸುಲಭ. ಬೆಳಿಗ್ಗೆ ಒಂಬತ್ತಕ್ಕೆ ಶೌಚಾಲಯದ ಸಾಲು ನೋಡಿ. ಬಾಗಿಲ ಮುಂದೆ ಜನ ನಿಂತಿದ್ದರೆ ಸೀಟು ಸಾಲದು. ಬಾಗಿಲುಗಳಿಗೆ ತಂತಿ ಸುತ್ತಿ ಯಾರೂ ಹತ್ತಿರ ಇಲ್ಲದಿದ್ದರೆ ಸೀಟು ಇದೆ, ಟ್ಯಾಂಕ್ ತುಂಬಿದೆ. ಎರಡನೇದಕ್ಕೆ ಇನ್ನಷ್ಟು ಸೀಟು ತಂದಿಟ್ಟರೆ ಉಪಯೋಗವಿಲ್ಲ. ಗಾಡಿಗೆ ಅಂತ ಬೇರೆ ದಾರಿ ಬಿಡಬೇಕು, ಇಲ್ಲಾ ಶೌಚಾಲಯಗಳನ್ನು ಒಳಚರಂಡಿಯ ಮ್ಯಾನ್‌ಹೋಲ್ ಪಕ್ಕಕ್ಕೇ ಇಡಬೇಕು.

ಈ ಲೆಕ್ಕ ಯಾರೂ ಮಾಡದಿದ್ದಾಗ ಏನಾಗ್ತಿತ್ತು ಅನ್ನೋದು ಗುಟ್ಟೇನಲ್ಲ. ಲಕ್ಷಾಂತರ ಜನ ನದಿಯ ಮರಳಿನಲ್ಲೇ ಹೋಗೋರು, ಮರುದಿನ ಅದನ್ನು ಮನುಷ್ಯರೇ ಬಳಿಯಬೇಕಿತ್ತು. ಮಲ ಹೊರುವ ಪದ್ಧತಿಯ ವಿರುದ್ಧದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯಲ್ಲಿ ಪಂಢರಪುರದ ಈ ವಿಷಯ ಬಾಂಬೆ ಹೈಕೋರ್ಟಿನ ಮುಂದೆ ಬಂದು, ನದಿಪಾತ್ರದಲ್ಲಿ ಟೆಂಟ್ ಹಾಕೋದರ ಮೇಲೆ, ಶೌಚಾಲಯದ ವ್ಯವಸ್ಥೆ ಮೇಲೆ ಆದೇಶಗಳಾದವು. ನದಿಯಾಚೆ ತಂಗುದಾಣ, ಪಾಲಖಿ ದಾರಿಯಲ್ಲಿ "ನಿರ್ಮಲ ವಾರಿ" ಹೆಸರಿನ ಮೊಬೈಲ್ ಶೌಚಾಲಯ, ಇವೆಲ್ಲ ಗಟ್ಟಿಯಾದದ್ದು ಈಚಿನ ವರ್ಷಗಳಲ್ಲಿ. ನಿವಾಸಿ ಲೆಕ್ಕದಲ್ಲಿ ಕಾಣದ ಭಾರ ಎಲ್ಲೂ ಹೋಗಿರಲಿಲ್ಲ. ಯಾವುದೋ ಒಂದು ಜಾತಿಯವರ ತಲೆ ಮೇಲೆ ಇತ್ತು.

ಇನ್ನು ನಮ್ಮಂಥವರು ಮಾಡೋ ತಪ್ಪು. ಎಂಟೆಕ್ ಮುಗಿಸಿದವನಿಗೆ ಏನು ಕೊಟ್ಟರೂ ಸರಾಸರಿ ತೆಗೆಯೋ ಚಟ. ಅಷ್ಟಮಿಯಿಂದ ಹುಣ್ಣಿಮೆವರೆಗೆ ದಿನವೂ ಊರಲ್ಲಿರೋ ಯಾತ್ರಿಕರನ್ನು ಲಕ್ಷಗಳಲ್ಲಿ 2, 4, 8, 10, 5, 2, 1, 1 ಅಂತಿಟ್ಟುಕೊಳ್ಳಿ. ಕೂಡಿಸಿದರೆ 33 ಲಕ್ಷ ಜನ-ದಿನ. ನಿವಾಸಿಗಳದು 1 ಲಕ್ಷ ಗುಣಿಸು 365, ಅಂದ್ರೆ 365 ಲಕ್ಷ ಜನ-ದಿನ. ಇಡೀ ಆಷಾಢ ವಾರಿಯನ್ನು ವರ್ಷಕ್ಕೆ ಹಂಚಿದರೆ ಶೇಕಡಾ 9. "ಊರಿನ ಜನಸಂಖ್ಯೆ 1 ಲಕ್ಷದ ಬದಲು 1 ಲಕ್ಷದ 9 ಸಾವಿರ ಅಂತ ಹಿಡಿಯಿರಿ" ಅಂತ ವರದಿ ಬರೀಬಹುದು. ಗಣಿತದಲ್ಲಿ ಒಂದು ತಪ್ಪೂ ಇಲ್ಲ. ಆ ವರದಿ ಹಿಡಿದುಕೊಂಡು ಏಕಾದಶಿ ಬೆಳಗಿನ ಜಾವ ನಾಲ್ಕಕ್ಕೆ ಪ್ರದಕ್ಷಿಣೆ ರಸ್ತೆಯಲ್ಲಿ ನಿಂತು ನೋಡಿ.

ವರ್ಷಪೂರ್ತಿ ಸರಾಸರಿ ಕೆಲಸಕ್ಕೆ ಬರೋ ಕಡೆಯೂ ಇದೆ. ಕಸದ ಗುಡ್ಡೆಗೆ ಎಷ್ಟು ಜಾಗ ಬೇಕು, ಅನುದಾನ ಎಷ್ಟು ಹೆಚ್ಚಿಸಬೇಕು ಅನ್ನೋದಕ್ಕೆ ಜನ-ದಿನವೇ ಸರಿ. ನೀರಿಗೆ ತುಂಬಿದ ದಿನದ ಲೆಕ್ಕ. ಶೌಚಕ್ಕೆ, ಆಂಬುಲೆನ್ಸಿಗೆ, ನೂಕುನುಗ್ಗಲಿಗೆ ತುಂಬಿದ ಗಂಟೆಯ ಲೆಕ್ಕ. ಹಾಗಂತ ಇಡೀ ಊರನ್ನು 11 ಲಕ್ಷಕ್ಕೆ ಕಟ್ಟೋದೂ ತಪ್ಪು. ಆ ಗಾತ್ರದ ಒಳಚರಂಡಿ ಪೈಪಿನಲ್ಲಿ ಉಳಿದ ದಿನಗಳಲ್ಲಿ ಹರಿವು ಸಾಲದೆ ಹೂಳು ಕೂತು ಕಟ್ಟಿಕೊಳ್ಳುತ್ತೆ. ಆಮೇಲೆ ಸಂಸ್ಕರಣಾ ಘಟಕದ ಬ್ಯಾಕ್ಟೀರಿಯಾಗಳು ಸಾಯಬಾರದು ಅಂದ್ರೆ ದಿನವೂ ಊಟ ಬೇಕು, ವರ್ಷಕ್ಕೊಂದು ಹಬ್ಬದೂಟ ಸಾಲದು. ಹಾಗಾಗಿ ಬೇರೆ ದಾರಿಯಿಲ್ಲ: ಮೂಲ ವ್ಯವಸ್ಥೆ ಚಿಕ್ಕದು, ಅದರ ಮೇಲೆ ಹಬ್ಬಕ್ಕೆ ಬಂದು ಹೋಗೋ ವ್ಯವಸ್ಥೆ. ಬಂದುಹೋಗೋ ಜನಕ್ಕೆ ಬಂದುಹೋಗೋ ನಲ್ಲಿ, ಗಾಡಿ, ಡಾಕ್ಟರು. ಎಷ್ಟು ತರಿಸಬೇಕು ಅನ್ನೋದಕ್ಕೆ ಮಾತ್ರ ಗಂಟೆಯ ಲೆಕ್ಕ ಬೇಕೇ ಬೇಕು.

ದೇವಸ್ಥಾನವೂ ಇದನ್ನೇ ಮಾಡುತ್ತೆ ನೋಡಿ. ಆಷಾಢದಲ್ಲಿ ವಿಠ್ಠಲನ ಶಯನದ ಮಂಚವನ್ನೇ ತೆಗೆದಿಡ್ತಾರೆ, ದೇವರಿಗೆ ನಿದ್ದೆ ಇಲ್ಲ, ರಾತ್ರಿ ಹಗಲು ದರ್ಶನ. ಆದರೂ ನಿಮಿಷಕ್ಕೆ 30 ಜನ ಪಾದ ಮುಟ್ಟಿ ಹೋದರು ಅಂದುಕೊಂಡರೆ ದಿನಕ್ಕೆ 43,200. ಹತ್ತು ಲಕ್ಷಕ್ಕೆ 23 ದಿನ ಬೇಕು. ಬಹಳಷ್ಟು ವಾರಕರಿಗಳು ಶಿಖರದ ಕಳಸಕ್ಕೆ ಕೈಮುಗಿದು, ನಾಮದೇವನ ಮೆಟ್ಟಿಲಿಗೆ ಹಣೆ ಹಚ್ಚಿ ತಿರುಗಿ ನಡೀತಾರೆ. ಅತ್ತಿಯೂ ಹಾಗೇ. "ಅವನ ನನ್ನ ನೋಡಿರ್ತಾನ ತಗೋ" ಅಂತಾಳೆ. ದರ್ಶನದ ಲೆಕ್ಕದಲ್ಲಿ ಇವರೂ ಬರಲ್ಲ.

ಭಾರ ತಪ್ಪಿಹೋಗೋ ಇನ್ನೊಂದು ಜಾಗ ಇದೆ, ಅದು ಊರಿನಿಂದ ಬಹಳ ದೂರ. ಕಾಲರಾ ಸೋಂಕು ತಗುಲಿದ ಮೇಲೆ ಕೆಲವು ಗಂಟೆಯಿಂದ ಐದು ದಿನದೊಳಗೆ ಕಾಣಿಸಿಕೊಳ್ಳುತ್ತೆ. ನೀರಿನಿಂದ ಬರೋ ಕಾಮಾಲೆಗೆ ವಾರಗಳೇ ಹಿಡೀತವೆ. ಅಷ್ಟೊತ್ತಿಗೆ ಯಾತ್ರಿಕ ಎಲ್ಲಿರ್ತಾನೆ? ಇಂಡಿಯಲ್ಲಿ, ಲಾತೂರಿನಲ್ಲಿ, ನಾಂದೇಡದಲ್ಲಿ. ಒಂದು ಹಳ್ಳಿಯಲ್ಲಿ ಇಬ್ಬರು, ಇನ್ನೊಂದರಲ್ಲಿ ಮೂವರು. ಯಾವ ಆರೋಗ್ಯ ಕೇಂದ್ರದಲ್ಲೂ ಅದು ಸಾಂಕ್ರಾಮಿಕ ಅನ್ನಿಸೋಷ್ಟು ದೊಡ್ಡದಾಗಲ್ಲ, ಎಲ್ಲ ಕೂಡಿಸಿದರೆ ಮಾತ್ರ ಕಾಣುತ್ತೆ. ರೋಗಿ ಎಲ್ಲಿಯವನು ಅಂತ ಬರೆಯೋ ಕಾಲಂ ಇದೆ, ಹದಿನೈದು ದಿನದ ಹಿಂದೆ ಎಲ್ಲಿದ್ದ ಅಂತ ಕೇಳೋರು ಕಮ್ಮಿ. ಆಷಾಢ ಮುಗಿದ ತಿಂಗಳಲ್ಲಿ ಊರಿಂದ ಯಾರಾದರೂ ವಾಂತಿಭೇದಿ, ಕಾಮಾಲೆ ಅಂತ ಫೋನ್ ಮಾಡಿದರೆ ದಯವಿಟ್ಟು ಈ ಒಂದು ಮಾತು ಡಾಕ್ಟರಿಗೆ ಹೇಳಿಸಿ: ವಾರಿಗೆ ಹೋಗಿದ್ದರು ಅಂತ.

ಈಗ ಅತ್ತಿಯ ಮಾತಿಗೆ ವಾಪಸ್. ಸರ್ವರ್ ಲಾಗ್ ನೋಡೋರಿಗೆ ಇದು ಗೊತ್ತು: ಕನೆಕ್ಷನ್ನೇ ಸಿಗದೆ ಹೋದ ರಿಕ್ವೆಸ್ಟ್ ಆ ಸರ್ವರಿನ ಲಾಗ್‌ನಲ್ಲಿ ಇರಲ್ಲ. ಲಾಗ್ ನೋಡಿ "ಲೋಡ್ ಕಮ್ಮಿ" ಅಂತ ಹೇಳಿದರೆ ಹೊರಗೆ ನಿಂತವರು ಯಾರೂ ಲೆಕ್ಕದಲ್ಲಿಲ್ಲ ಅಂತ ಅರ್ಥ. ಅತ್ತಿ ನೀರು ಕುಡಿಯಲಿಲ್ಲ, ಅದು ನೀರಿನ ಬಳಕೆಯಲ್ಲಿ ಉಳಿತಾಯವಾಗಿ ಕಂಡಿತು. ಶೌಚಾಲಯಕ್ಕೆ ಹೋಗಲಿಲ್ಲ, ಅದು ಅಲ್ಲಿ ಖಾಲಿ ಜಾಗವಾಗಿ ಕಂಡಿತು. ಎರಡೂ ಅಂಕಿಯನ್ನು ಮುಂದಿನ ವರ್ಷದ ಬೇಡಿಕೆ ಅಂತ ಬಳಸಿದರೆ ಮುಂದಿನ ವರ್ಷ ಎರಡೂ ಕಮ್ಮಿ ಬರುತ್ತೆ. ಅವಳ ನಿಜವಾದ ಭಾರ ಬರೆದಿದ್ದದ್ದು ಒಂದೇ ಕಡೆ, ವೈದ್ಯಕೀಯ ಟೆಂಟಿನ ರಿಜಿಸ್ಟರಿನಲ್ಲಿ, "ನಿರ್ಜಲೀಕರಣ, ಒಆರ್‌ಎಸ್ ಕೊಡಲಾಗಿದೆ" ಅಂತ.

ಅದರ ಮರುವರ್ಷ ನಾವು ಪುಣೆಯ ನಾಲ್ಕು ಜನ ಕನ್ನಡದ ಗೆಳೆಯರು ಅದೇ ತಂಗುವ ಊರಿಗೆ ಸ್ವಯಂಸೇವಕರಾಗಿ ಹೋದ್ವಿ. ಊರಿಗೆ ಪಾಲಖಿ, ದಿಂಡಿ ಬರೋದು ವರ್ಷಕ್ಕೆ ಒಂದೇ ರಾತ್ರಿ. ಜೊತೆಗಿದ್ದ ಗೆಳತಿಯೊಬ್ಬಳು ಹೆಂಗಸರ ಶೌಚಾಲಯದ ಸಾಲಿನ ಪಕ್ಕ ಬೆಳಗಿನ ಜಾವ ಕೂತಳು. ಒಳಗೆ ಹೋದವರನ್ನು ಎಣಿಸೋಕೆ ಅಲ್ಲ, ಅದನ್ನು ಎಲ್ಲರೂ ಎಣಿಸ್ತಾರೆ. ಸಾಲಿಗೆ ಬಂದು, ಸ್ವಲ್ಪ ಹೊತ್ತು ನಿಂತು, ಹಾಗೇ ಹೊರಟುಹೋದವರನ್ನು ಎಣಿಸೋಕೆ. ನಲವತ್ತು ನಿಮಿಷದಲ್ಲಿ ಹನ್ನೊಂದು ಜನ. ನೋಟ್‌ಬುಕ್‌ನಲ್ಲಿ ಹನ್ನೊಂದು ಗೀಟು ಹಾಕಿಕೊಂಡು ಬಂದಳು. ಆ ಗೀಟುಗಳನ್ನು ಅಲ್ಲಿನ ವ್ಯವಸ್ಥೆ ನೋಡಿಕೊಳ್ತಿದ್ದ ಹಿರಿಯರಿಗೆ ತೋರಿಸಿದ್ವಿ. ಅವರು ಸ್ವಲ್ಪ ಹೊತ್ತು ನೋಡಿ, ಗಂಡಸರ ಕಡೆಯ ಒಂದು ಸಾಲಿನ ಬೋರ್ಡ್ ಕಿತ್ತು ಈ ಕಡೆ ತಿರುಗಿಸಿ ಹೊಡೆಸಿದರು, ಮಧ್ಯೆ ಒಂದು ತಾಡಪಾಲು ಕಟ್ಟಿಸಿದರು.

ಈ ಸಲವೂ ಹೋಗ್ತಾ ಇದ್ದೀವಿ. ಎರಡು ನೋಟ್‌ಬುಕ್ ಬೇಕು, ರಾತ್ರಿ ಎರಡರಿಂದ ಏಳರವರೆಗೆ ಕೂರೋ ಜನ ಬೇಕು. ಬರೋರು ಅತ್ತಿಗೆ ಒಂದು ಫೋನ್ ಮಾಡಿ ಬನ್ನಿ, ಯಾವ ದಿನ ಎಲ್ಲಿರ್ತೀವಿ ಅಂತ ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು. ಸಂಜೆ ಏಳರ ಮೇಲೆ ಮಾಡಿ, ಆಗ ಮಾತ್ರ ಆನ್ ಇರುತ್ತೆ.